ರಜೆಗೆ ಹೋಗುವ ಮುನ್ನ ಡೆಲಿಗೇಶನ್ ಹಾಕಿದ್ದರು, ಆದರೂ 38 ಕ್ಲೇಮ್‌ಗಳು ನಿಂತವು

ಸಕ್ಕರೆ ಕಾರ್ಖಾನೆಗಳ ಪಂಪು, ಗೇರ್‌ಬಾಕ್ಸು, ಟರ್ಬೈನುಗಳನ್ನು ರಿಪೇರಿ ಮಾಡಿಕೊಡುವ ಒಂದು ಕಂಪನಿ. ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ಉತ್ತರ ಕರ್ನಾಟಕದ ಕೆಲಸ ನೋಡಿಕೊಳ್ಳುವ ರೀಜನಲ್ ಆಫೀಸು ಹುಬ್ಬಳ್ಳಿಯಲ್ಲಿ. 2024ರ ನವೆಂಬರ್ 18ರ ಸೋಮವಾರ ಬೆಳಿಗ್ಗೆ ಅಲ್ಲಿನ ರೀಜನಲ್ ಮ್ಯಾನೇಜರ್ ಹೆಸರಿನಲ್ಲಿ ಸರ್ವಿಸ್ ಇಂಜಿನಿಯರುಗಳ 38 ಖರ್ಚಿನ ಕ್ಲೇಮ್‌ಗಳು ಬಾಕಿ ಇದ್ದವು. ಒಟ್ಟು ಮೊತ್ತ 6,12,400 ರೂಪಾಯಿ. ಮ್ಯಾನೇಜರ್ ರಜೆಯಲ್ಲಿದ್ದರು.

ಇಷ್ಟೇ ಆಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಸಾಹೇಬರು ರಜೆ ಹೋದರೆ ಸಹಿ ನಿಲ್ಲುತ್ತದೆ ಎಂಬುದು ಯಾವ ಆಫೀಸಿಗೂ ಹೊಸ ಸುದ್ದಿಯಲ್ಲ. ಆದರೆ ಈ ಕಂಪನಿಯ ಸಾಫ್ಟ್‌ವೇರಿನಲ್ಲಿ ಡೆಲಿಗೇಶನ್, ಅಂದರೆ ತಾವಿಲ್ಲದಾಗ ಒಪ್ಪಿಗೆಯ ಕೆಲಸವನ್ನು ಬೇರೆಯವರಿಗೆ ವಹಿಸುವ ಸೌಲಭ್ಯ ಇತ್ತು, ಮ್ಯಾನೇಜರ್ ಅದನ್ನು ಮರೆಯದೆ ಹಾಕಿಯೇ ಹೋಗಿದ್ದರು. ಡೆಲಿಗೇಟ್ ಆದವರು ಸೋಮಾರಿಯೂ ಅಲ್ಲ, ತಮ್ಮ ಕೈಗೆ ಬಂದದ್ದನ್ನು ಅಂದಂದೇ ನೋಡಿದ್ದರು. ಎಲ್ಲರೂ ತಮ್ಮ ಪಾಲಿನದನ್ನು ಮಾಡಿದ ಮೇಲೂ 38 ಕ್ಲೇಮ್‌ಗಳು ಹೇಗೆ ನಿಂತವು ಎಂದು ನೋಡುವ ಕೆಲಸ ಆಮೇಲೆ ನನಗೆ ಬಂತು.

ಮಾಮೂಲಿ ದಾರಿ

ಸರ್ವಿಸ್ ಇಂಜಿನಿಯರುಗಳ ಖರ್ಚು ಹೇಗಿರುತ್ತದೆಂದರೆ, ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುನ್ನಿನ ವಾರಗಳಲ್ಲಿ ಅವರು ಮನೆಯಲ್ಲಿ ಮಲಗುವುದೇ ಅಪರೂಪ. ಮುಧೋಳ, ಜಮಖಂಡಿ, ಚಿಕ್ಕೋಡಿ ಕಡೆಯ ಲಾಡ್ಜುಗಳಲ್ಲಿ ವಾಸ. ಲಾಡ್ಜಿನ ಬಾಡಿಗೆ, ಊಟ, ಬಾಡಿಗೆ ಕಾರು, ತುರ್ತಿಗೆ ಅಲ್ಲೇ ಅಂಗಡಿಯಲ್ಲಿ ಕೊಂಡ ಬೇರಿಂಗು, ಗ್ಯಾಸ್ಕೆಟ್ಟು, ಎಲ್ಲವೂ ಮೊದಲು ಅವರ ಸ್ವಂತ ಕಾರ್ಡಿನಿಂದ. ಆಮೇಲೆ ಬಿಲ್ಲುಗಳ ಫೋಟೊ ಹಾಕಿ ಕ್ಲೇಮ್ ಸಲ್ಲಿಸಬೇಕು. ರೀಜನಲ್ ಮ್ಯಾನೇಜರ್ ಒಪ್ಪಿದ ಮೇಲೆ ಅದು ಬೆಂಗಳೂರಿನ ಅಕೌಂಟ್ಸ್‌ಗೆ ಹೋಗುತ್ತದೆ. ತಿಂಗಳ 5ರೊಳಗೆ ಒಪ್ಪಿಗೆಯಾದವು 10ಕ್ಕೆ, 20ರೊಳಗೆ ಆದವು 25ಕ್ಕೆ ಪಾವತಿ. ಅಂದರೆ ಒಂದು ಕಟಾಫ್ ತಪ್ಪಿದರೆ ಹಣ ಹದಿನೈದು ದಿನ ಹಿಂದೆ ಬೀಳುತ್ತದೆ. ಒಪ್ಪಿಗೆ ಒಂದು ದಿನ ತಡವಾದರೂ ಅಷ್ಟೇ, ಹತ್ತು ದಿನ ತಡವಾದರೂ ಅಷ್ಟೇ.

ಮ್ಯಾನೇಜರ್ ಒಪ್ಪಬಹುದಾದ ಮಿತಿ ಒಂದು ಕ್ಲೇಮ್‌ಗೆ 50,000 ರೂಪಾಯಿ. ಅವರ ಕೈಕೆಳಗಿನ ಏರಿಯಾ ಮ್ಯಾನೇಜರುಗಳ ಮಿತಿ 15,000. ಈ ಎರಡು ಅಂಕಿಗಳು ಮುಂದೆ ಬೇಕಾಗುತ್ತವೆ.

ಮೂರು ಗುಂಪು, ಮೂರು ಬೇರೆ ಕಾರಣ

ಆ ವರ್ಷ ನರಕ ಚತುರ್ದಶಿ ಅಕ್ಟೋಬರ್ 31, ಮಾರನೇ ದಿನ ರಾಜ್ಯೋತ್ಸವ, ಅದರ ಮಾರನೇ ದಿನ ಬಲಿಪಾಡ್ಯಮಿ, ಆಮೇಲೆ ಭಾನುವಾರ. ಮ್ಯಾನೇಜರ್ ಅಕ್ಟೋಬರ್ 28ರ ಸೋಮವಾರದಿಂದಲೇ ರಜೆ ಹಾಕಿ ಮಂಗಳೂರಿನ ತಮ್ಮ ಊರಿಗೆ ಹೊರಟರು. ಹೊರಡುವ ಮುನ್ನ ಬೆಳಗಾವಿಯ ಏರಿಯಾ ಮ್ಯಾನೇಜರರನ್ನು ಡೆಲಿಗೇಟ್ ಮಾಡಿದರು. 28ರಿಂದ ನವೆಂಬರ್ 3ರವರೆಗೆ ಎಂದು ದಿನಾಂಕ ಹಾಕಿದರು. 4ಕ್ಕೆ ಕೆಲಸಕ್ಕೆ ಬರುವುದಿತ್ತು.

3ರ ರಾತ್ರಿ ಅವರ ತಂದೆಗೆ ಪಾರ್ಶ್ವವಾಯು ಹೊಡೆಯಿತು. ಬೆಳಿಗ್ಗೆ ಆಸ್ಪತ್ರೆಯಿಂದಲೇ ಎಚ್‌ಆರ್‌ಗೆ ಫೋನ್ ಮಾಡಿ ರಜೆ ಮುಂದುವರಿಸಿದರು. ಅವರು ಮರಳಿ ಬಂದದ್ದು 25ಕ್ಕೆ.

ನಿಂತ 38 ಕ್ಲೇಮ್‌ಗಳನ್ನು ಸಲ್ಲಿಸಿದ ದಿನಾಂಕದ ಪ್ರಕಾರ ಜೋಡಿಸಿದಾಗ ಅವು ತಾವಾಗಿಯೇ ಮೂರು ಗುಂಪಾದವು.

ಮೊದಲ ಗುಂಪಿನ 11 ಕ್ಲೇಮ್‌ಗಳು, ಮೊತ್ತ 1,46,800, ಅಕ್ಟೋಬರ್ 28ಕ್ಕಿಂತ ಮುಂಚೆಯೇ ಮ್ಯಾನೇಜರರ ಇನ್‌ಬಾಕ್ಸಿಗೆ ಬಂದು ಕುಳಿತಿದ್ದವು. ಹೊರಡುವ ಗಡಿಬಿಡಿಯಲ್ಲಿ ಅವನ್ನು ನೋಡಲಾಗಿರಲಿಲ್ಲ, ಡೆಲಿಗೇಟ್ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಆದರೆ ಆ ಸಾಫ್ಟ್‌ವೇರಿನಲ್ಲಿ ಡೆಲಿಗೇಶನ್ ಎಂದರೆ ಹೊಸದಾಗಿ ಬರುವ ಕ್ಲೇಮ್‌ಗಳನ್ನು ಬೇರೆಯವರ ಕಡೆ ತಿರುಗಿಸುವುದು ಮಾತ್ರ. ಆಗಲೇ ಬಂದವು ಬಂದಲ್ಲೇ ಇರುತ್ತವೆ. ಇದು ಆ ಒಂದು ಸಾಫ್ಟ್‌ವೇರಿನ ದೋಷವೆಂದು ಭಾವಿಸಬೇಡಿ. ಒರಾಕಲ್‌ನ Vacation Rules ಕೂಡ ನಿಯಮ ಹಾಕಿದ ಮೇಲೆ ಬರುವ ನೋಟಿಫಿಕೇಶನ್‌ಗಳಿಗಷ್ಟೇ ಅನ್ವಯಿಸುತ್ತದೆ. ಹಳೆಯವನ್ನು ಕೈಯಾರೆ ವರ್ಗಾಯಿಸಬೇಕು. ಎಸ್‌ಎಪಿಯ My Inboxನಲ್ಲಿ ಪದ್ಧತಿ ಬೇರೆ, ಅಲ್ಲಿ ಬದಲಿ ವ್ಯಕ್ತಿಗೆ ಮೂಲ ವ್ಯಕ್ತಿಯ ಬಾಕಿ ಕೆಲಸಗಳೇ ಕಾಣುತ್ತವೆ. ಹಾಗಾಗಿ ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ಬಂದವರು ಹಳೆಯ ಅಭ್ಯಾಸದಲ್ಲೇ ಮೋಸಹೋಗುತ್ತಾರೆ. ನಿಮ್ಮ ಆಫೀಸಿನಲ್ಲಿ ಯಾವುದೆಂದು ತಿಳಿಯಲು ಕೈಪಿಡಿ ಓದಬೇಕಿಲ್ಲ. ಇನ್‌ಬಾಕ್ಸಿನಲ್ಲಿ ಒಂದು ಬಾಕಿ ಇಟ್ಟುಕೊಂಡು ಡೆಲಿಗೇಶನ್ ಹಾಕಿ, ಪಕ್ಕದವರ ಪರದೆಯಲ್ಲಿ ಅದು ಕಾಣುತ್ತದೆಯೇ ನೋಡಿದರೆ ಸಾಕು.

ಎರಡನೇ ಗುಂಪು ಡೆಲಿಗೇಶನ್ ಚಾಲ್ತಿಯಲ್ಲಿದ್ದ ವಾರದ್ದು. ಆ ವಾರ ಬಂದ 9ರಲ್ಲಿ 5ಕ್ಕೆ ಬೆಳಗಾವಿಯವರು ಒಪ್ಪಿಗೆ ಕೊಟ್ಟರು. ಉಳಿದ 4 ನಿಂತವು, ಮೊತ್ತ 97,600. ಅವುಗಳಲ್ಲಿ ಮೂರು ಅವರ 15,000ದ ಮಿತಿ ಮೀರಿದವು. ಒಪ್ಪಿಗೆಯ ಬಟನ್ ಒತ್ತಿದರೆ ‘ಮಿತಿ ಮೀರಿದೆ’ ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಮುಂದೆ ಯಾರ ಬಳಿಗೆ ಹೋಗಬೇಕೆಂದು ಸಾಫ್ಟ್‌ವೇರಿಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯದು ಬೆಳಗಾವಿಯವರದೇ ಸ್ವಂತ ಕ್ಲೇಮ್. ಮಾಮೂಲಿಯಾಗಿ ಅದು ರೀಜನಲ್ ಮ್ಯಾನೇಜರರ ಬಳಿ ಹೋಗಬೇಕು, ಡೆಲಿಗೇಶನ್ ಇದ್ದದ್ದರಿಂದ ಸುತ್ತಿ ಅವರ ಬಳಿಗೇ ಬಂತು. ತನ್ನ ಬಿಲ್ಲಿಗೆ ತಾನೇ ಸಹಿ ಹಾಕುವಂತಿಲ್ಲ ಎಂಬ ತಡೆ ಇತ್ತು, ಸರಿಯಾಗಿಯೇ ಕೆಲಸ ಮಾಡಿತು. ಆದರೆ ತಡೆದ ಮೇಲೆ ಬೇರೆ ದಾರಿ ತೋರಿಸಲಿಲ್ಲ.

ಮೂರನೇ ಗುಂಪು ದೊಡ್ಡದು. ನವೆಂಬರ್ 4ರಿಂದ ಬಂದ 23 ಕ್ಲೇಮ್‌ಗಳು, 3,68,000 ರೂಪಾಯಿ. ಡೆಲಿಗೇಶನ್ ನವೆಂಬರ್ 3ರ ಮಧ್ಯರಾತ್ರಿ ತಾನಾಗಿ ಮುಗಿದಿತ್ತು. ರಜೆ ಮುಂದುವರಿದದ್ದು ಎಚ್‌ಆರ್‌ಗೆ ಗೊತ್ತು, ಹುಬ್ಬಳ್ಳಿ ಆಫೀಸಿಗೆಲ್ಲ ಗೊತ್ತು, ಬೆಳಗಾವಿಯವರಿಗೂ ಗೊತ್ತು. ಕ್ಲೇಮ್ ಸಾಫ್ಟ್‌ವೇರಿಗೆ ಮಾತ್ರ ಗೊತ್ತಿರಲಿಲ್ಲ. ಅದನ್ನು ಮುಂದುವರಿಸುವ ಅಧಿಕಾರ ಇದ್ದದ್ದು ಒಬ್ಬರಿಗೆ, ಅವರು ಐಸಿಯು ಬಾಗಿಲಲ್ಲಿ ಕುಳಿತಿದ್ದರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಈ ಮೂರನೇ ಗುಂಪು. ಹೇಳಿ ಕೇಳಿ ಹೋಗುವ ರಜೆಯಿಂದ ದೊಡ್ಡ ತೊಂದರೆಯಾಗುವುದು ಕಡಿಮೆ. ಅದು ಒಂದು ವಾರದ್ದು, ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ಕೆಲಸ ಕೆಡುವುದು ಹೇಳದೆ ಬಂದ ಗೈರಿನಲ್ಲಿ: ಅಪಘಾತ, ಆಸ್ಪತ್ರೆ, ಸಾವು. ರಜೆ ಹೋಗುವವರೇ ಲಾಗಿನ್ ಆಗಿ ಹಾಕಬೇಕಾದ ಡೆಲಿಗೇಶನ್ ಸರಿಯಾಗಿ ಇಂಥ ಹೊತ್ತಿನಲ್ಲೇ ಕೈಕೊಡುತ್ತದೆ.

ಬಾಕಿಯ ಬೆಲೆ ಯಾರು ತೆತ್ತರು

ಒಂದು ಕ್ಲೇಮ್ ಹಿಡಿದು ನೋಡೋಣ. ಹುಬ್ಬಳ್ಳಿಯ ಇಂಜಿನಿಯರ್ ಒಬ್ಬರು ಮುಧೋಳದ ಬಳಿಯ ಕಾರ್ಖಾನೆಯಲ್ಲಿ ಅಕ್ಟೋಬರ್ ಮಧ್ಯದಲ್ಲಿ ಕೆಲಸ ಮುಗಿಸಿ 24ಕ್ಕೆ 28,640 ರೂಪಾಯಿಯ ಕ್ಲೇಮ್ ಸಲ್ಲಿಸಿದರು. ನವೆಂಬರ್ 5ರೊಳಗೆ ಒಪ್ಪಿಗೆಯಾಗಿದ್ದರೆ, 10 ಭಾನುವಾರವಾದ್ದರಿಂದ 11ಕ್ಕೆ ಹಣ ಬರುತ್ತಿತ್ತು. ಅವರ ಕ್ರೆಡಿಟ್ ಕಾರ್ಡಿನ ಕೊನೆಯ ದಿನ 12. ಬರಲಿಲ್ಲ. ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನು ಮುಂದೂಡಿದರು. ಕಾರ್ಡಿನಲ್ಲಿ ಪೂರ್ತಿ ಕಟ್ಟದಿದ್ದರೆ ಬಡ್ಡಿ ಲೆಕ್ಕ ಕೊನೆಯ ದಿನದಿಂದ ಅಲ್ಲ, ಖರ್ಚು ಮಾಡಿದ ದಿನದಿಂದಲೇ ಶುರುವಾಗುತ್ತದೆ. ಅವರ ಕಾರ್ಡಿನ ದರ ತಿಂಗಳಿಗೆ ಶೇ 3.5, ಬಡ್ಡಿಯ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ನವೆಂಬರ್ 25ಕ್ಕೆ ಹಣ ಕೈಸೇರುವ ಹೊತ್ತಿಗೆ ಸುಮಾರು 1,500 ರೂಪಾಯಿ ಅವರ ಕೈಯಿಂದ ಹೋಗಿತ್ತು. ಕಂಪನಿಯ ಕೆಲಸಕ್ಕೆ ತನ್ನ ಹಣ ಹಾಕಿ, ಅದಕ್ಕೆ ತಾನೇ ಬಡ್ಡಿಯನ್ನೂ ಕಟ್ಟಿದಂತಾಯಿತು.

ಅವರು ಇದನ್ನು ದೂರು ಮಾಡಲಿಲ್ಲ. ನವೆಂಬರ್ ಎರಡನೇ ವಾರ ಚಿಕ್ಕೋಡಿಯ ಕಡೆಯಿಂದ ತುರ್ತು ಕರೆ ಬಂದಾಗ ಒಂದೇ ಮಾತು ಹೇಳಿದರು: “ಅಡ್ವಾನ್ಸ್ ಕೊಟ್ರ ಇವತ್ತs ಹೋಗ್ತೇನ್ರಿ ಸರ. ಕಾರ್ಡ್‌ನ್ಯಾಗ ಇನ್ನ ಜಾಗಾ ಇಲ್ರಿ.” ಅಡ್ವಾನ್ಸಿಗೂ ರೀಜನಲ್ ಮ್ಯಾನೇಜರರದೇ ಒಪ್ಪಿಗೆ ಬೇಕಿತ್ತು. ಗಿರಾಕಿಯ ಕಾರ್ಖಾನೆಯಲ್ಲಿ ಪಂಪು ನಿಂತು, ದೂರವಾಣಿ ಬೆಂಗಳೂರಿನ ಸರ್ವಿಸ್ ಹೆಡ್ ತನಕ ಹೋದಾಗಲೇ ಈ ಬಾಕಿ ಬೆಳಕಿಗೆ ಬಂದದ್ದು. ಅಕೌಂಟ್ಸ್‌ನವರ ವರದಿಯಿಂದ ಅಲ್ಲ.

ಅವರ ವರದಿಯಲ್ಲಿ ಯಾಕೆ ಕಾಣಲಿಲ್ಲ? ಅಲ್ಲಿದ್ದದ್ದು ಇಡೀ ಕಂಪನಿಯ ಸರಾಸರಿ ಒಪ್ಪಿಗೆ ಸಮಯ, ಅದೂ ಒಪ್ಪಿಗೆಯಾದ ಕ್ಲೇಮ್‌ಗಳದ್ದು ಮಾತ್ರ. ನಿಂತ ಕ್ಲೇಮ್ ಆ ಲೆಕ್ಕಕ್ಕೇ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ 38 ನಿಂತಷ್ಟೂ ಸರಾಸರಿ ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು. ಬಾಕಿ ಇರುವವುಗಳ ವಯಸ್ಸನ್ನು, ಯಾರ ಬಳಿ ಬಾಕಿ ಎಂಬ ಹೆಸರಿನ ಸಮೇತ ನೋಡಿದ್ದರೆ ನವೆಂಬರ್ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು.

ಬೆಂಕಿ ಆರಿಸಿದ ಬಗೆ

ನಡುವೆ ಮ್ಯಾನೇಜರ್ ಆಸ್ಪತ್ರೆಯಿಂದಲೇ ಅಕೌಂಟ್ಸ್‌ನವರಿಗೆ ಫೋನ್ ಮಾಡಿ, “ಪಾಸ್‌ವರ್ಡ್ ವಾಟ್ಸ್ಯಾಪ್ ಮಾಡ್ತೇನೆ, ನೀವೇ ಅಪ್ರೂವ್ ಮಾಡಿಬಿಡಿ ಮಾರಾಯ್ರೆ” ಎಂದಿದ್ದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ. ಎಷ್ಟೋ ಆಫೀಸುಗಳಲ್ಲಿ ನಿಜವಾಗಿ ನಡೆಯುವ ಡೆಲಿಗೇಶನ್ ಇದೇ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಕೌಂಟ್ಸ್ ಮ್ಯಾನೇಜರ್ ಒಪ್ಪಲಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್ ಪ್ರತಿ ವ್ಯವಹಾರದ, ಪ್ರತಿ ತಿದ್ದುಪಡಿಯ ಜಾಡು ದಾಖಲಿಸಲೇಬೇಕೆಂಬ ನಿಯಮವಿದೆ, ಆಡಿಟರ್ ಅದರ ಬಗ್ಗೆ ವರದಿಯಲ್ಲಿ ಬರೆಯಬೇಕು. ಮಂಗಳೂರಿನ ಆಸ್ಪತ್ರೆಯಲ್ಲಿರುವ ವ್ಯಕ್ತಿ ಬೆಂಗಳೂರಿನ ಆಫೀಸಿನ ಕಂಪ್ಯೂಟರಿನಿಂದ ಸಹಿ ಹಾಕಿದಂತೆ ಜಾಡು ಉಳಿದರೆ, ಆಮೇಲೆ ಆ ಮ್ಯಾನೇಜರರ ಹಿಂದಿನ ನಿಜವಾದ ಸಹಿಗಳನ್ನೂ ನಂಬುವಂತಿಲ್ಲ.

18ರಂದು ಸರ್ವಿಸ್ ಹೆಡ್ ಐಟಿಯವರಿಗೆ ಹೇಳಿ 38ನ್ನೂ ತಮ್ಮ ಹೆಸರಿಗೆ ವರ್ಗಾಯಿಸಿಕೊಂಡರು. 20ರ ಕಟಾಫ್ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕುಳಿತು ಎಲ್ಲವನ್ನೂ ಆರಿಸಿ ಒಟ್ಟಿಗೆ ಒಪ್ಪಿಗೆ ಕೊಟ್ಟರು. ಹಣ 25ಕ್ಕೆ ಹೋಯಿತು.

ಅದರಲ್ಲಿ ಒಂದು ತಪ್ಪು ಸೇರಿಹೋಯಿತು. ಜಮಖಂಡಿಯ ಲಾಡ್ಜಿನಲ್ಲಿ ಇಬ್ಬರು ಇಂಜಿನಿಯರುಗಳು ಒಂದೇ ರೂಮಿನಲ್ಲಿ ಎರಡು ರಾತ್ರಿ ಇದ್ದರು. 1,800 ರೂಪಾಯಿಯ ಅದೇ ಬಿಲ್ಲು ಇಬ್ಬರ ಕ್ಲೇಮಿನಲ್ಲೂ ಇತ್ತು. ಬೇಕೆಂದು ಮಾಡಿದ್ದಲ್ಲ, ಲಾಡ್ಜಿನವನು ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟಿದ್ದ. ರೀಜನಲ್ ಮ್ಯಾನೇಜರ್ ಆಗಿದ್ದರೆ ಕಣ್ಣಿಗೆ ಬೀಳುತ್ತಿತ್ತು, ಯಾರು ಯಾರ ಜೊತೆ ಯಾವ ಊರಿಗೆ ಹೋದರೆಂದು ಕಳುಹಿಸಿದವರೇ ಅವರು. ಬೆಂಗಳೂರಿನ ಹೆಡ್‌ಗೆ ಅದು 38ರಲ್ಲಿ ಎರಡು ಸಾಲು. 1,800 ಆಮೇಲೆ ವಾಪಸ್ ಬಂತು. ಆದರೆ ಬದಲಿ ಯಾರಾಗಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ಮೇಲಿನವರಿಗೆ ಅಧಿಕಾರ ಇರುತ್ತದೆ, ಕೆಲಸದ ಒಳಗುಟ್ಟು ಗೊತ್ತಿರುವುದಿಲ್ಲ. ಬಿಲ್ಲು ನೋಡಿ ‘ಇದು ಸರಿ, ಇದು ಅಲ್ಲ’ ಎನ್ನಬಲ್ಲವರು ಪಕ್ಕದವರು. ಮೇಲಕ್ಕೆ ಕಳುಹಿಸುವುದು ಬೇರೆ ದಾರಿಯೇ ಇಲ್ಲದಾಗ.

ಹೊಸ ನಿಯಮಗಳು

ಕಂಪನಿ ಡಿಸೆಂಬರಿನಲ್ಲಿ ಅಧಿಕಾರ ಪಟ್ಟಿಯನ್ನು, ಅಂದರೆ ಯಾರು ಎಷ್ಟು ಮೊತ್ತಕ್ಕೆ ಸಹಿ ಹಾಕಬಹುದೆಂಬ ಡಿಒಎಯನ್ನು, ತಿದ್ದಿತು. ಹೆಚ್ಚು ಚರ್ಚೆಯಾದದ್ದು ಡೆಲಿಗೇಶನ್ ಯಾವಾಗ ಶುರುವಾಗಬೇಕು ಎಂಬುದರ ಮೇಲೆ.

ಎಚ್‌ಆರ್‌ನವರ ಸಲಹೆ ಸರಳವಾಗಿತ್ತು. ರಜೆ ಅರ್ಜಿಯಲ್ಲೇ ಬದಲಿ ಯಾರೆಂದು ಕೇಳಿ, ಅವರು ಒಪ್ಪಿದ ಮೇಲೆಯೇ ರಜೆ ಮಂಜೂರಾಗಲಿ. ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ. ಅಲ್ಲಿ ಅಧಿಕಾರಿ ರಜೆಯ ಮೇಲೆ ಹೋಗುವಾಗ ಪ್ರಭಾರ ಯಾರಿಗೆ ಎಂಬುದು ರಜೆಯ ಜೊತೆಗೇ ತೀರ್ಮಾನವಾಗಬೇಕು, ಪ್ರಭಾರದ ಆದೇಶ ತಡವಾದರೆ ಸಂಬಳದ ಬಿಲ್ಲೇ ತಡವಾದೀತು. ಕಂಪನಿಯವರು ಇದನ್ನು ಒಪ್ಪಿಕೊಂಡು ಒಂದು ಮಾತು ಸೇರಿಸಿದರು: ಡೆಲಿಗೇಶನ್ ಮುಗಿಯುವುದು ರಜೆಯ ಕೊನೆಯ ದಿನಕ್ಕಲ್ಲ, ಮ್ಯಾನೇಜರ್ ಕೆಲಸಕ್ಕೆ ಹಾಜರಾಗಿ ‘ಬಂದಿದ್ದೇನೆ’ ಎಂದು ಒತ್ತಿದ ದಿನಕ್ಕೆ. ಇಷ್ಟಿದ್ದಿದ್ದರೆ ನವೆಂಬರ್ 4ರಂದು ಬೆಳಗಾವಿಯವರ ಡೆಲಿಗೇಶನ್ ಸಾಯುತ್ತಿರಲಿಲ್ಲ, 23 ಕ್ಲೇಮ್‌ಗಳು ಅವರ ಬಳಿಗೆ ಹೋಗುತ್ತಿದ್ದವು.

ಆದರೆ ರಜೆಯನ್ನೇ ಹಾಕದೆ ಗೈರಾದವರ ಕಥೆ? ಐಟಿಯವರು ರಜೆ ಪಟ್ಟಿಯನ್ನೂ ಬಾಕಿ ಪಟ್ಟಿಯನ್ನೂ ಜೋಡಿಸಿ ದಿನಾ ಬೆಳಿಗ್ಗೆ ಓಡುವ ಒಂದು ಕ್ವೆರಿ ಬರೆದುಕೊಟ್ಟರು.

```sql
SELECT c.claim_no, c.approver_id, c.pending_since
FROM claims c
JOIN leaves l ON l.emp_id = c.approver_id
WHERE c.status = 'PENDING'
  AND CURRENT_DATE BETWEEN l.from_date AND l.to_date;
```

ಓದಲು ಚೆಂದ. CURRENT_DATE ಬದಲು ಆಗಿನ ಒಂದೊಂದೇ ದಿನಾಂಕ ಹಾಕಿ, ಆಯಾ ದಿನ ಸಿಸ್ಟಂನಲ್ಲಿದ್ದ ಮಾಹಿತಿಯ ಮೇಲೆ ಓಡಿಸಿ ನೋಡಿದರೆ ಮಾತ್ರ, ಅಕ್ಟೋಬರ್ 28ರಿಂದ ನವೆಂಬರ್ 3ರವರೆಗಿನದು ಸಿಕ್ಕಿತು, ಆಮೇಲಿನದು ಸಿಗಲಿಲ್ಲ. ಎಚ್‌ಆರ್‌ನವರು ಫೋನಿನಲ್ಲಿ ಒಪ್ಪಿದ ರಜೆಯನ್ನು ಸಿಸ್ಟಂಗೆ ಏರಿಸಿದ್ದು ನವೆಂಬರ್ 26ಕ್ಕೆ, ಮ್ಯಾನೇಜರ್ ಬಂದು ಅರ್ಜಿ ಬರೆದುಕೊಟ್ಟ ಮೇಲೆ. ತುರ್ತು ರಜೆ ದಾಖಲೆಗೆ ಏರುವುದು ಯಾವಾಗಲೂ ಹಿಂದಿನಿಂದಲೇ. ಹಾಗಾಗಿ ರಜೆ ಪಟ್ಟಿಯನ್ನು ನಂಬಿದ ಯಾವ ನಿಯಮವೂ ತುರ್ತು ಗೈರನ್ನು ಹಿಡಿಯಲಾರದು.

ಅದಕ್ಕೇ ಎರಡನೇ ನಿಯಮ ಕಾರಣವನ್ನೇ ಕೇಳುವುದಿಲ್ಲ. ಪ್ರತಿ ಅನುಮೋದಕರಿಗೂ ಡಿಒಎಯಲ್ಲೇ ಒಬ್ಬ ಕಾಯಂ ಬದಲಿಯ ಹೆಸರು ಇರುತ್ತದೆ. ಕ್ಲೇಮ್ ಬಂದು ಎರಡು ಕೆಲಸದ ದಿನ ಕಳೆದರೆ ನೆನಪೋಲೆ, ಮೂರು ಕಳೆದರೆ ಅದು ಬದಲಿಯ ಬಳಿಗೆ ಹೋಗುತ್ತದೆ. ಅನುಮೋದಕರು ರಜೆಯಲ್ಲಿದ್ದಾರೋ, ಹುಷಾರಿಲ್ಲವೋ, ಸುಮ್ಮನೆ ನೋಡಿಲ್ಲವೋ, ಸಾಫ್ಟ್‌ವೇರಿಗೆ ಎಲ್ಲ ಒಂದೇ. ನವೆಂಬರ್ 4ರ ಸೋಮವಾರ ಬಂದ ಕ್ಲೇಮ್ ಈ ಲೆಕ್ಕದಲ್ಲಿ 7ರ ಗುರುವಾರ ಬದಲಿಯ ಕೈಯಲ್ಲಿರುತ್ತಿತ್ತು. ‘ಕೆಲಸದ ದಿನ’ ಎಂಬುದಕ್ಕೂ ಸ್ವಲ್ಪ ಗಮನ ಬೇಕಾಯಿತು. ಕೊಲ್ಹಾಪುರದ ಶಾಖೆಗೆ ರಾಜ್ಯೋತ್ಸವದ ರಜೆ ಇಲ್ಲ, ಹುಬ್ಬಳ್ಳಿಗೆ ಇದೆ. ಕ್ಯಾಲೆಂಡರ್ ಕ್ಲೇಮ್ ಸಲ್ಲಿಸಿದವರದ್ದಲ್ಲ, ಒಪ್ಪಬೇಕಾದವರ ಊರಿನದು ಎಂದು ತೀರ್ಮಾನಿಸಿದರು.

ಬಾಕಿ ಬಿದ್ದ ಹಳೆಯವೂ ಡೆಲಿಗೇಶನ್ ಶುರುವಾದ ಕ್ಷಣಕ್ಕೆ ಬದಲಿಗೆ ಹೋಗಬೇಕೆಂದು ಬರೆದರು. ಇದಕ್ಕೆ ಸಾಫ್ಟ್‌ವೇರಿನಲ್ಲಿ ಸೆಟ್ಟಿಂಗ್ ಇರಲಿಲ್ಲ. ರಾತ್ರಿ ಓಡುವ ಒಂದು ಸಣ್ಣ ಜಾಬ್ ಬರೆಸಬೇಕಾಯಿತು. ಮೊದಲ ಗುಂಪಿನ 11ಕ್ಕೆ ಉತ್ತರ ಇದು. ಮುಧೋಳದ 28,640 ಇದೇ ಗುಂಪಿನದು, ಆದರೆ ಬದಲಿಯ 15,000ದ ಮಿತಿಗಿಂತ ದೊಡ್ಡದು. ಆದ್ದರಿಂದ ಅದಕ್ಕೆ ಮುಂದಿನ ನಿಯಮವೂ ಬೇಕು.

ಮಿತಿಯ ವಿಷಯದಲ್ಲಿ ಎರಡು ಪಕ್ಷವಾಯಿತು. ಸರ್ವಿಸ್ ವಿಭಾಗ, ಬದಲಿಗೆ ಬಂದವರಿಗೆ ಮೂಲ ಅನುಮೋದಕರ 50,000ದ ಮಿತಿಯೇ ಸಿಗಲಿ ಎಂದಿತು. ಇಂಟರ್ನಲ್ ಆಡಿಟ್‌ನವರು, ಇಬ್ಬರ ಮಿತಿಯಲ್ಲಿ ಕಡಿಮೆ ಯಾವುದೋ ಅದು ಎಂದರು. ನಾನು ಆಡಿಟ್‌ನವರ ಕಡೆ. ಒಬ್ಬರಿಗೆ 15,000 ಎಂದು ಮಿತಿ ಹಾಕಿದ್ದಕ್ಕೆ ಏನಾದರೂ ಕಾರಣವಿದ್ದರೆ, ಇನ್ನೊಬ್ಬರು ಊರಿಗೆ ಹೋದ ಮಾತ್ರಕ್ಕೆ ಆ ಕಾರಣ ಇಲ್ಲವಾಗುವುದಿಲ್ಲ. ಆದರೆ ಕಡಿಮೆ ಮಿತಿ ಇಟ್ಟರೆ ಮಿತಿ ಮೀರಿದವುಗಳಿಗೆ ಮುಂದಿನ ದಾರಿ ಕಡ್ಡಾಯವಾಗಿ ಇರಲೇಬೇಕು, ಇಲ್ಲದಿದ್ದರೆ ಆ ಮೂರು ಕ್ಲೇಮ್‌ಗಳ ಕಥೆಯೇ ಮತ್ತೆ. ಕೊನೆಗೆ ಬದಲಿಯ ಮಿತಿ ಮೀರಿದ್ದು ಅದೇ ದಿನ ತಾನಾಗಿ ಮೂಲ ಅನುಮೋದಕರ ಮೇಲಿನವರಿಗೆ, ಇಲ್ಲಿ ಸರ್ವಿಸ್ ಹೆಡ್‌ಗೆ, ಹೋಗಬೇಕೆಂದಾಯಿತು. ಮುಧೋಳದ ಕ್ಲೇಮ್ ಈ ಎರಡು ನಿಯಮಗಳ ಕೆಳಗೆ 28ಕ್ಕೆ ಬೆಂಗಳೂರು ತಲುಪಿ, ನವೆಂಬರ್ 5ರ ಕಟಾಫಿಗೆ ಸಾಕಷ್ಟು ಮುಂಚೆಯೇ ಸಹಿ ಕಾಣುತ್ತಿತ್ತು, ಕಾರ್ಡಿನ ಕೊನೆಯ ದಿನಕ್ಕೆ ಒಂದು ದಿನ ಮೊದಲು ಹಣ ಬರುತ್ತಿತ್ತು. ಒಬ್ಬರೇ ಹೆಡ್ ಮೇಲೆ ರಾಶಿ ಬೀಳದಂತೆ, ಕಾಯಂ ಬದಲಿಯಾಗಿ ಆದಷ್ಟು ಸಮಾನ ಹುದ್ದೆಯವರನ್ನೇ ಹಾಕಿದರು. ಹುಬ್ಬಳ್ಳಿಗೆ ಈಗ ಬದಲಿ ಕಲಬುರಗಿಯ ರೀಜನಲ್ ಮ್ಯಾನೇಜರ್. ಅವರ ಮಿತಿಯೂ 50,000, ಸಕ್ಕರೆ ಕಾರ್ಖಾನೆಯ ಕೆಲಸವೂ ಗೊತ್ತು.

ಸ್ವಂತ ಕ್ಲೇಮ್ ತಮ್ಮ ಬಳಿಗೇ ಬಂದರೆ ಅದೂ ಮೇಲಕ್ಕೆ ಹೋಗುತ್ತದೆ. ಇದರಲ್ಲಿ ಒಂದು ಸಂದು ಆಡಿಟ್‌ನವರ ಕಣ್ಣಿಗೆ ಬಿತ್ತು. ಗಿರಾಕಿಯ ಜೊತೆ ಊಟಕ್ಕೆ ಹೋದಾಗ ಅಲ್ಲಿದ್ದವರಲ್ಲಿ ಹಿರಿಯರೇ ಬಿಲ್ಲು ಕೊಡಬೇಕೆಂಬ ನಿಯಮ ಬಹಳ ಕಂಪನಿಗಳಲ್ಲಿದೆ. ಇಲ್ಲದಿದ್ದರೆ ಕಿರಿಯನ ಕೈಯಲ್ಲಿ ಕೊಡಿಸಿ, ತಾನು ಉಂಡ ಊಟಕ್ಕೆ ತಾನೇ ಒಪ್ಪಿಗೆ ಕೊಡಬಹುದು. ಮಾಮೂಲಿ ದಿನಗಳಲ್ಲಿ ಇದನ್ನು ತಡೆಯಬಹುದು. ಬದಲಿ ವ್ಯಕ್ತಿ ಬಂದಾಗ ತಡೆ ಸಡಿಲವಾಗುತ್ತದೆ, ಏಕೆಂದರೆ ಊಟದ ಹೊತ್ತಿನಲ್ಲಿ ಅವರು ಅನುಮೋದಕರಾಗಿರಲಿಲ್ಲ. ಆದ್ದರಿಂದ ಊಟದ ಕ್ಲೇಮಿನಲ್ಲಿ ಜೊತೆಗಿದ್ದವರ ಹೆಸರು ಕಡ್ಡಾಯವಾಯಿತು, ಆ ಪಟ್ಟಿಯಲ್ಲಿರುವವರ ಬಳಿಗೆ ಅದು ಹೋಗದು.

ಬದಲಿಗೆ ಬದಲಿ ಇಲ್ಲ. ವಹಿಸಿಕೊಟ್ಟ ಅಧಿಕಾರವನ್ನು ಪಡೆದವರು ಮತ್ತೊಬ್ಬರಿಗೆ ವಹಿಸುವಂತಿಲ್ಲ ಎಂಬುದು ಕಾನೂನಿನಲ್ಲೂ ಹಳೆಯ ತತ್ವ. ಲೆಕ್ಕದಲ್ಲಿ ಅದಕ್ಕೆ ಇನ್ನೊಂದು ಕಾರಣವಿದೆ: ಹುಬ್ಬಳ್ಳಿಯವರು ಕಲಬುರಗಿಗೆ, ಕಲಬುರಗಿಯವರು ಹುಬ್ಬಳ್ಳಿಗೆ ಹಾಕಿ ಇಬ್ಬರೂ ದೀಪಾವಳಿಗೆ ಹೋದರೆ ಕ್ಲೇಮ್ ಅಲ್ಲೇ ಗಿರಕಿ ಹೊಡೆಯುತ್ತದೆ. ಬದಲಿಯೂ ಗೈರಾದರೆ ಅದು ನೇರ ಮೇಲಕ್ಕೆ.

ಇನ್ನು ದಾಖಲೆ. ಒಪ್ಪಿಗೆಯ ಸಾಲಿನಲ್ಲಿ ಬದಲಿಯ ಹೆಸರು, ‘ಇಂಥವರ ಪರವಾಗಿ’ ಎಂದು ಮೂಲ ಅನುಮೋದಕರ ಹೆಸರು, ಎರಡೂ ಬರುತ್ತವೆ. ಮ್ಯಾನೇಜರ್ ಮರಳಿದ ದಿನ ತಮ್ಮ ಪರವಾಗಿ ಒಪ್ಪಿದ್ದರ ಪಟ್ಟಿ ಸಿಗುತ್ತದೆ. ಜಮಖಂಡಿಯ ಜೋಡಿ ಬಿಲ್ಲಿನಂಥದ್ದು ಇದ್ದರೆ ಅವರ ಕಣ್ಣಿಗೆ ಬೀಳಲಿ ಎಂದು.

ಆಮೇಲೆ ಎದ್ದ ತೊಡಕು

ಮೂರು ದಿನದ ಗಡಿಯಾರ ಜನವರಿಯಿಂದ ಓಡತೊಡಗಿತು. ಸಂಕ್ರಾಂತಿಯ ವಾರದಲ್ಲೇ ಒಂದು ದೋಷ ಹೊರಬಿತ್ತು. ಹುಬ್ಬಳ್ಳಿ ಮ್ಯಾನೇಜರ್ ಒಂದು ಬಾಡಿಗೆ ಕಾರಿನ ಬಿಲ್ಲಿನ ಬಗ್ಗೆ ‘ಕಿಲೋಮೀಟರ್ ಎಷ್ಟು?’ ಎಂದು ಕೇಳಿ ವಾಪಸ್ ಕಳುಹಿಸಿದ್ದರು. ಇಂಜಿನಿಯರ್ ಉತ್ತರಿಸುವಷ್ಟರಲ್ಲಿ ಮೂರು ದಿನ ಕಳೆದು ಕ್ಲೇಮ್ ಕಲಬುರಗಿಗೆ ಹೋಯಿತು. ಅಲ್ಲಿನವರಿಗೆ ಪ್ರಶ್ನೆ ಕಾಣಲೇ ಇಲ್ಲ, ಒಪ್ಪಿಗೆ ಕೊಟ್ಟರು. ಮ್ಯಾನೇಜರಿಗೆ ಸಿಟ್ಟು ಬಂದದ್ದು ಸಹಜ. ಪ್ರಶ್ನೆ ಕೇಳಿದ ಕ್ಷಣದಿಂದ ಗಡಿಯಾರ ನಿಲ್ಲಲಿ, ಕ್ಲೇಮ್ ಎಲ್ಲಿಗೆ ಹೋದರೂ ಪ್ರಶ್ನೋತ್ತರ ಅದರ ಜೊತೆಗೇ ಹೋಗಲಿ ಎಂದು ತಿದ್ದಿದರು.

ತಿದ್ದಿದ್ದೇ ತಡ, ಗಡಿಯಾರ ನಿಲ್ಲಿಸುವ ಉಪಾಯ ಕೆಲವರಿಗೆ ಸಿಕ್ಕಿತು. ಮೂರನೇ ದಿನ ಸಂಜೆ ‘ನೋಡಿ ಹೇಳುತ್ತೇನೆ’, ‘ಚರ್ಚಿಸೋಣ’ ಎಂದು ಬರೆದು ಪ್ರಶ್ನೆಯ ಬಟನ್ ಒತ್ತುವುದು. ಇಂಜಿನಿಯರ್ ಅದಕ್ಕೆ ಉತ್ತರವಾದರೂ ಏನು ಬರೆಯಬೇಕು? ಫೆಬ್ರವರಿಯ ಬಾಕಿ ಪಟ್ಟಿಯಲ್ಲಿ ‘ಪ್ರಶ್ನೆ ಕೇಳಲಾಗಿದೆ’ ಎಂಬ ಸ್ಥಿತಿಯಲ್ಲಿ ನಿಂತವು ದಿಢೀರನೆ ಹೆಚ್ಚಾದದ್ದು ಕಂಡಾಗ ಇದು ಗೊತ್ತಾಯಿತು.

ಈಗಿರುವ ನಿಯಮ ಹೀಗಿದೆ: ಒಂದು ಕ್ಲೇಮಿಗೆ ಗಡಿಯಾರ ಒಮ್ಮೆ ಮಾತ್ರ ನಿಲ್ಲುತ್ತದೆ, ಪ್ರಶ್ನೆಯಲ್ಲಿ ಯಾವ ಬಿಲ್ಲಿನ ಸಾಲು ಎಂದು ಆರಿಸಲೇಬೇಕು. ಇಂಜಿನಿಯರ್ ಉತ್ತರ ಬರೆದ ಕೂಡಲೇ ಗಡಿಯಾರ ಮತ್ತೆ ಓಡುತ್ತದೆ, ನಿಂತಲ್ಲಿಂದ, ಮೊದಲಿನಿಂದ ಅಲ್ಲ. ಸೋಮವಾರ ಬೆಳಿಗ್ಗೆ ಅಕೌಂಟ್ಸ್‌ನಿಂದ ಹೋಗುವ ಪಟ್ಟಿಯಲ್ಲಿ ಸರಾಸರಿ ಇಲ್ಲ. ಅತಿ ಹಳೆಯ ಹತ್ತು ಬಾಕಿಗಳು, ಅವು ಯಾರ ಬಳಿ ಇವೆ, ಎಷ್ಟು ದಿನದಿಂದ, ಅಷ್ಟೇ. 50,000 ಮೀರಿದ ಕ್ಲೇಮ್‌ಗಳಿಗೂ ನಿರ್ದೇಶಕರ ಒಪ್ಪಿಗೆ ಬೇಕಾದವಕ್ಕೂ ಈ ಗಡಿಯಾರ ಇನ್ನೂ ಅನ್ವಯಿಸಿಲ್ಲ. ಅಲ್ಲಿ ಬದಲಿಯನ್ನು ನೇಮಿಸಲು ಬೋರ್ಡಿನ ನಿರ್ಣಯ ಬೇಕು ಎಂದು ಕಂಪನಿ ಸೆಕ್ರೆಟರಿ ಹೇಳಿದ್ದಾರೆ, ಅದು ಮುಂದಿನ ಸಭೆಯ ಅಜೆಂಡಾದಲ್ಲಿದೆ.